ಗುರುತಿಲ್ಲದ ಆರು ವೈರು: ಸ್ಟಾರ್ಟಿಂಗ್ ಯಾವುದು, ಎಂಡಿಂಗ್ ಯಾವುದು?

"ಸರ್, ನಮ್ಮ ಹಿಟ್ಟಿನ ಗಿರಣಿಯ 7.5 ಎಚ್‌ಪಿ ಮೂರು ಫೇಸ್ ಮೋಟಾರು ರೀವೈಂಡಿಂಗ್ ಆಗಿ ಬಂದಿದೆ. ಆರು ವೈರು ಹೊರಗಿವೆ, ಆರೂ ಒಂದೇ ಬಣ್ಣ, ಕಟ್ಟಿದ್ದ ಚೀಟಿಗಳು ಉದುರಿ ಹೋಗಿವೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್‌ಗೆ ಕೊಡಬೇಕು. ಡಿಜಿಟಲ್ ಮಲ್ಟಿಮೀಟರ್‌ನಲ್ಲಿ ಮೂರು ಜೋಡಿ ಸಿಕ್ಕವು: 2.9, 2.9, 3.0 ಓಮ್. ಆದರೆ ಯಾವ ತುದಿ ಸ್ಟಾರ್ಟಿಂಗ್, ಯಾವುದು ಎಂಡಿಂಗ್ ಗೊತ್ತಾಗುತ್ತಿಲ್ಲ. ಬ್ಯಾಟರಿ ಮುಟ್ಟಿಸಿ ನೋಡಿದೆ, ಒಮ್ಮೆ ಪ್ಲಸ್ ಬರುತ್ತದೆ, ಒಮ್ಮೆ ಮೈನಸ್. ಮುಳ್ಳು ಮುಂದೆ ಹೋದರೆ ಬ್ಯಾಟರಿ ಪ್ಲಸ್ ಮುಟ್ಟಿಸಿದ ತುದಿ, ಮೀಟರಿನ ಕೆಂಪು ವೈರಿನ ತುದಿ ಎರಡೂ ಸ್ಟಾರ್ಟಿಂಗ್ ಅಂತ ಒಬ್ಬರು ಹೇಳಿದರು. ಇನ್ನೊಬ್ಬರು ಅದು ಉಲ್ಟಾ ಅಂತಾರೆ. ಮತ್ತೊಬ್ಬರು ಸುಮ್ನೆ ಕೊಟ್ಟು ನೋಡು, ತಿರುಗದಿದ್ದರೆ ಎರಡು ಫೇಸ್ ಬದಲಿಸು ಅಂದರು. ಯಾರ ಮಾತು ಸರಿ?"

ಎರಡನೆಯವರ ಮಾತು ಸರಿ. ಮೊದಲನೆಯವರ ಸೂತ್ರ ಟ್ರಾನ್ಸ್‌ಫಾರ್ಮರಿಗೆ ಸರಿ, ಮೂರು ಫೇಸ್ ಮೋಟಾರಿಗೆ ತಪ್ಪು. ಮೂರನೆಯವರ ಸಲಹೆ ಮಾತ್ರ ದಯವಿಟ್ಟು ಕೇಳಬೇಡಿ. ಹೊಸ ವೈಂಡಿಂಗ್ ಮತ್ತೆ ಸುಡಲು ಅದೇ ಸುಲಭದ ದಾರಿ.

ಮೂರನೆಯದನ್ನೇ ಮೊದಲು ಮುಗಿಸೋಣ. ಎರಡು ಫೇಸ್ ಅದಲು ಬದಲು ಮಾಡಿದರೆ ಮೋಟಾರು ತಿರುಗುವ ದಿಕ್ಕು ಬದಲಾಗುತ್ತದೆ, ಅಷ್ಟೇ. ಒಂದು ವೈಂಡಿಂಗ್‌ನ ತಲೆ-ಬಾಲ ತಿರುವುಮುರುವು ಆಗಿದ್ದರೆ ಅದು ಬೇರೆಯೇ ರೋಗ. ಮೂರು ವೈಂಡಿಂಗ್‌ಗಳು ಒಂದರ ಹಿಂದೆ ಒಂದು ಸಮಾನ ಅಂತರದಲ್ಲಿ ಒಳಗೆ ತಿರುಗುವ ರೋಟರನ್ನು ಎಳೆಯಬೇಕು. ಒಂದು ತಿರುಗಿಬಿಟ್ಟರೆ ಮೂವರು ಸೇರಿ ಬೀಸುಕಲ್ಲು ತಿರುಗಿಸುವಾಗ ಒಬ್ಬ ಎದುರಿನಿಂದ ತಳ್ಳಿದ ಹಾಗೆ. ಹೊರಗೆ ಯಾವ ಫೇಸ್ ಎಲ್ಲಿಗೆ ಕೊಟ್ಟರೂ ಆ ಒಬ್ಬ ಎದುರೇ ತಳ್ಳುತ್ತಾನೆ. ಸ್ಟಾರ್‌ನಲ್ಲಿ ಅಂದರೆ ಮೂರು ಎಂಡಿಂಗ್ ತುದಿಗಳನ್ನು ಒಂದೇ ಗಂಟಾಗಿ ಸೇರಿಸಿ ಕೊಟ್ಟರೆ ಮೋಟಾರು ಗುಂಯ್ ಅನ್ನುತ್ತದೆ, ನಡುಗುತ್ತದೆ, ವೇಗ ಹಿಡಿಯುವುದಿಲ್ಲ, ಮೂರು ಫೇಸಿನ ಕರೆಂಟೂ ಬೇರೆ ಬೇರೆ ಇರುತ್ತದೆ. ಡೆಲ್ಟಾದಲ್ಲಿ, ಅಂದರೆ ಒಂದರ ಎಂಡಿಂಗ್ ಇನ್ನೊಂದರ ಸ್ಟಾರ್ಟಿಂಗ್‌ಗೆ ಸೇರಿಸಿ ಬಳೆಯ ಹಾಗೆ ಸುತ್ತು ಪೂರ್ತಿ ಮಾಡಿದಾಗ, ಇನ್ನೂ ಕೆಟ್ಟದ್ದು. ಸರಿಯಾದ ಡೆಲ್ಟಾದಲ್ಲಿ ಮೂರು ವೋಲ್ಟೇಜ್ ಸೇರಿ ಸೊನ್ನೆ ಆಗುವುದರಿಂದ ಒಳಗೊಳಗೆ ಸುತ್ತುವ ಕರೆಂಟ್ ಇರುವುದಿಲ್ಲ. ಒಂದು ವೈಂಡಿಂಗ್ ತಿರುಗಿದ್ದರೆ ಆ ಸಮತೋಲ ಕೆಟ್ಟು, ತಡೆಯುವವರೇ ಇಲ್ಲದ ಹಾಗೆ ಕರೆಂಟ್ ನುಗ್ಗುತ್ತದೆ. ಫ್ಯೂಸ್ ಮೊದಲು ಹೋದರೆ ನಿಮ್ಮ ಅದೃಷ್ಟ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ, ಇದು ತಿಳಿದರೆ ಅರ್ಧ ಗಾಬರಿ ಕಡಿಮೆ ಆಗುತ್ತದೆ. "ನಿಜವಾದ ಸ್ಟಾರ್ಟಿಂಗ್" ಅಂತ ಒಂದು ತುದಿ ಮೋಟಾರಿನೊಳಗೆ ಎಲ್ಲೂ ಇಲ್ಲ. ಮೂರೂ ಜೋಡಿಗಳಲ್ಲಿ ಒಂದೇ ತರದ ತುದಿಗಳನ್ನು ಗುರುತಿಸುವುದಷ್ಟೇ ನಿಮ್ಮ ಕೆಲಸ. ವೈಂಡಿಂಗ್ ಮಾಡಿದವರು ಸ್ಟಾರ್ಟಿಂಗ್ ಅಂದುಕೊಂಡ ಮೂರನ್ನೂ ನೀವು ಎಂಡಿಂಗ್ ಅಂತ ಗುರುತು ಮಾಡಿದರೂ ಮೋಟಾರಿಗೆ ಏನೂ ಆಗುವುದಿಲ್ಲ. ಎರಡು ಸರಿ, ಒಂದು ಉಲ್ಟಾ ಆಗಬಾರದು. ಹಾಗಾಗಿ ಉದ್ದದ ವೈರು ಸ್ಟಾರ್ಟಿಂಗ್, ಬಾಕ್ಸಿನ ಎಡಗಡೆಯಿಂದ ಬಂದದ್ದು ಸ್ಟಾರ್ಟಿಂಗ್ ಅನ್ನುವ ಮಾತುಗಳನ್ನು ಮರೆತುಬಿಡಿ. ಮೀಟರಿನ ವೈರು ತಿರುಗಿಸಿ ಓಮ್ ಅಳೆದರೂ ಪ್ರಯೋಜನವಿಲ್ಲ. ತಾಮ್ರದ ತಂತಿ ಎರಡೂ ಕಡೆಯಿಂದ ಒಂದೇ ಓಮ್ ತೋರಿಸುತ್ತದೆ.

ಈಗ ನಿಮ್ಮ ಜೋಡಿಗಳ ಅಳತೆ. 2.9, 2.9, 3.0 ಚೆನ್ನಾಗಿದೆ. ಮೀಟರಿನ ಎರಡು ವೈರನ್ನು ಒಂದಕ್ಕೊಂದು ಮುಟ್ಟಿಸಿ ನೋಡಿ, 0.2 ಅಥವಾ 0.3 ಓಮ್ ತೋರಿಸುತ್ತದೆ. ಅದನ್ನು ಕಳೆದರೆ ಒಂದೊಂದು ವೈಂಡಿಂಗ್ ಸುಮಾರು 2.6 ಓಮ್ ಆಯಿತು. 415 ವೋಲ್ಟಿನಲ್ಲಿ ಡೆಲ್ಟಾ ಓಡುವ ಈ ಗಾತ್ರದ ಮೋಟಾರಿಗೆ ಇದು ಸಹಜ. ಒಂದು ಜೋಡಿಯ ತುದಿಗೂ ಇನ್ನೊಂದು ಜೋಡಿಯ ತುದಿಗೂ ನಡುವೆ, ಹಾಗೇ ಎಲ್ಲಾ ತುದಿಗೂ ಮೋಟಾರಿನ ಬಾಡಿಗೂ ನಡುವೆ ಏನೂ ತೋರಿಸಬಾರದು. ಅದನ್ನೂ ನೋಡಿದ್ದೀರಿ ಅಂದುಕೊಳ್ಳುತ್ತೇನೆ. ಇಲ್ಲದಿದ್ದರೆ ನೋಡಿ, ಸ್ಟಾರ್ಟರಿನ ಕೇಬಲ್ ಮತ್ತು ತುದಿಗಳನ್ನು ಒಂದಕ್ಕೊಂದು ಸೇರಿಸುವ ಟರ್ಮಿನಲ್ ಪಟ್ಟಿಗಳನ್ನು ಪೂರ್ತಿ ಬಿಚ್ಚಿದ ಮೇಲೆ. ಹಳೆಯ ಪಟ್ಟಿ ಒಂದು ಉಳಿದಿದ್ದರೂ ಬೇರೆ ಬೇರೆ ಜೋಡಿಯ ವೈರುಗಳು ಒಂದೇ ಅನ್ನುವ ಹಾಗೆ ತೋರಿಸಿ ದಾರಿ ತಪ್ಪಿಸುತ್ತದೆ.

ಬೇರೆ ಓದುಗರಿಗಾಗಿ ಒಂದು ಮಾತು ಸೇರಿಸುತ್ತೇನೆ. ಪಟ್ಟಿಗಳೆಲ್ಲ ಬಿಚ್ಚಿದ ಮೇಲೂ ಮೂರು ಜೋಡಿ ಸಿಗದೆ, ಮೂರು ಮೂರು ವೈರಿನ ಎರಡು ಗುಂಪು ಸಿಕ್ಕರೆ ಅಥವಾ ಆರೂ ಒಂದಕ್ಕೊಂದು ಸೇರಿಕೊಂಡಿದ್ದರೆ ಅಲ್ಲೇ ನಿಲ್ಲಿಸಿ. ಅದು ಎರಡು ವೇಗದ ಮೋಟಾರು ಇರಬಹುದು. ಅದಕ್ಕೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಕೊಡುವ ಹಾಗಿಲ್ಲ, ಇಲ್ಲಿ ಹೇಳುವ ಯಾವ ಪರೀಕ್ಷೆಯೂ ಅದಕ್ಕೆ ಅಲ್ಲ.

ಈಗ ಗುರುತು ಹಾಕೋಣ. ಮೊದಲ ಜೋಡಿಗೆ ಕೆಂಪು ಟೇಪ್, ಎರಡನೆಯದಕ್ಕೆ ಹಳದಿ, ಮೂರನೆಯದಕ್ಕೆ ನೀಲಿ. ಪ್ರತಿ ಜೋಡಿಯಲ್ಲಿ ಒಂದು ತುದಿಗೆ ಒಂದು ಸುತ್ತು, ಇನ್ನೊಂದಕ್ಕೆ ಎರಡು ಸುತ್ತು. ಯಾವುದಕ್ಕೆ ಎಷ್ಟು ಅನ್ನುವುದು ಸದ್ಯಕ್ಕೆ ನಿಮ್ಮ ಇಷ್ಟ. ಇನ್ನು ಮುಂದೆ "ಕೆಂಪು ಒಂದು", "ಹಳದಿ ಎರಡು" ಅಂತ ಕರೆಯೋಣ. ಕೊನೆಗೆ ಒಂದು ಸುತ್ತಿನ ಮೂರು ತುದಿಗಳೂ ಒಂದೇ ತರದವು ಆಗಿರಬೇಕು. ಈ ಗುರುತು ಹಾಕದೆ ಬರೀ ನೆನಪಿನಲ್ಲಿ ಇಟ್ಟುಕೊಂಡು ಮುಂದೆ ಹೋದವರು ಅರ್ಧ ದಾರಿಯಲ್ಲಿ ಮತ್ತೆ ಮೊದಲಿನಿಂದ ಶುರು ಮಾಡುವುದನ್ನು ನೋಡಿದ್ದೇನೆ.

ನಿಮ್ಮ ಬ್ಯಾಟರಿ ಪರೀಕ್ಷೆ ಯಾಕೆ ಕೈ ಕೊಟ್ಟಿತು? ತಪ್ಪು ನಿಮ್ಮದಲ್ಲ, ಮೀಟರಿನ ಸ್ವಭಾವ ಅದು. ಒಂದು ವೈಂಡಿಂಗ್‌ಗೆ ಸೆಲ್ ಮುಟ್ಟಿಸಿದ ಕ್ಷಣ ಅದರಲ್ಲಿ ಕರೆಂಟ್ ಏರುತ್ತದೆ. ಏರುವಷ್ಟು ಹೊತ್ತು ಮಾತ್ರ ಪಕ್ಕದ ವೈಂಡಿಂಗ್‌ನಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಅದು ಮುಗಿದು ಹೋಗುತ್ತದೆ. ಸೆಲ್ ತೆಗೆದಾಗ ಕರೆಂಟ್ ಇಳಿಯುತ್ತದೆ, ಆಗ ಅಷ್ಟೇ ಚಿಕ್ಕ ಹೊತ್ತು ಎದುರು ದಿಕ್ಕಿನಲ್ಲಿ ಇನ್ನೊಂದು ಹೊಡೆತ. ಸಾಮಾನ್ಯ ಡಿಜಿಟಲ್ ಮೀಟರು ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಳೆದು ಅಂಕಿ ತೋರಿಸುತ್ತದೆ. ಮುಟ್ಟಿಸಿದ ಹೊಡೆತ ಒಮ್ಮೆ ಅದಕ್ಕೆ ಸಿಗುತ್ತದೆ, ಒಮ್ಮೆ ತೆಗೆದ ಹೊಡೆತ ಸಿಗುತ್ತದೆ, ಒಮ್ಮೆ ಎರಡೂ ಇಲ್ಲ. ಅದಕ್ಕೇ ನಿಮಗೆ ಪ್ಲಸ್ಸೂ ಬಂತು, ಮೈನಸ್ಸೂ ಬಂತು. ಮುಳ್ಳಿನ ಮೀಟರ್ ಆದರೆ ಆ ಹೊಡೆತಕ್ಕೆ ತಕ್ಷಣ ಜಿಗಿಯುತ್ತದೆ, ಯಾವ ಕಡೆ ಜಿಗಿಯಿತು ಅಂತ ಕಣ್ಣಿಗೆ ಕಾಣುತ್ತದೆ. ಹಳೆಯ ರೀವೈಂಡಿಂಗ್ ಅಂಗಡಿಗಳಲ್ಲಿ ಗಾಜು ಒಡೆದ ಒಂದು ಮುಳ್ಳಿನ ಮೀಟರನ್ನು ಇನ್ನೂ ಜೋಪಾನವಾಗಿ ಇಟ್ಟಿರುವುದು ಇದಕ್ಕೇ.

ಮುಳ್ಳಿನ ಮೀಟರ್ ಸಾಲ ಸಿಕ್ಕರೆ ಹೇಗೆ ಮಾಡಬೇಕು ಅಂತ ಹೇಳುತ್ತೇನೆ, ಯಾಕೆಂದರೆ ನಿಮಗೆ ಸಿಕ್ಕ ಎರಡು ಎದುರು ಬದುರು ಸಲಹೆಯ ಗುಟ್ಟು ಇಲ್ಲಿದೆ. ಮೀಟರನ್ನು ಡಿಸಿಯ ಚಿಕ್ಕ ವೋಲ್ಟ್ ರೇಂಜಿಗೆ ಇಡಿ. ಮೊದಲು 2.5 ವೋಲ್ಟ್, ಜಿಗಿತ ಸಾಲದಿದ್ದರೆ ಇನ್ನೂ ಕೆಳಗೆ. ಮೀಟರಿನ ಕೆಂಪು ವೈರು ಹಳದಿ ಒಂದಕ್ಕೆ, ಕಪ್ಪು ವೈರು ಹಳದಿ ಎರಡಕ್ಕೆ. ಸೆಲ್ಲಿನ ಮೈನಸ್ಸನ್ನು ಕೆಂಪು ಎರಡಕ್ಕೆ ಗಟ್ಟಿ ಮಾಡಿ, ಪ್ಲಸ್ಸನ್ನು ಕೆಂಪು ಒಂದಕ್ಕೆ ಮುಟ್ಟಿಸಿ. ಮುಟ್ಟಿಸಿದ ಕ್ಷಣ ಏನಾಗುತ್ತದೆ ನೋಡಿ. ತೆಗೆಯುವಾಗ ಆಗುವುದು ಅದರ ಉಲ್ಟಾ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸುತ್ತುಗಳ ಗುರುತು ಸರಿಯಾಗಿದ್ದರೆ ಮುಟ್ಟಿಸಿದಾಗ ಮುಳ್ಳು ಹಿಂದಕ್ಕೆ, ಸೊನ್ನೆಯ ಕೆಳಗೆ ಬಡಿಯುತ್ತದೆ. ಮುಂದಕ್ಕೆ ಜಿಗಿದರೆ ಹಳದಿಯ ಟೇಪ್ ಅದಲು ಬದಲಾಗಬೇಕು. ಬೇರೆ ಮಾತಿನಲ್ಲಿ, ಮುಳ್ಳು ಮುಂದಕ್ಕೆ ಹೋದಾಗ ಬ್ಯಾಟರಿ ಪ್ಲಸ್ ಮುಟ್ಟಿದ ತುದಿಯೂ ಮೀಟರಿನ ಕಪ್ಪು ವೈರು ಮುಟ್ಟಿದ ತುದಿಯೂ ಒಂದೇ ತರದವು. ಕೆಂಪಲ್ಲ, ಕಪ್ಪು.

ಯಾಕೆ ಉಲ್ಟಾ? ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ವೈಂಡಿಂಗ್‌ಗಳೂ ಒಂದೇ ಕಬ್ಬಿಣದ ಮೇಲೆ, ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿರುತ್ತವೆ. ಒಂದರ ಕಾಂತಬಲ ಇನ್ನೊಂದರ ಮುಖದ ಕಡೆಯಿಂದಲೇ ಹಾದು ಹೋಗುತ್ತದೆ. ಮೋಟಾರಿನಲ್ಲಿ ಕೆಂಪು ವೈಂಡಿಂಗ್ ಒಂದು ಕಡೆ ಮುಖ ಮಾಡಿದ್ದರೆ ಹಳದಿಯ ಮುಖ ಅಲ್ಲಿಂದ 120 ಡಿಗ್ರಿ ತಿರುಗಿರುತ್ತದೆ. 90 ಡಿಗ್ರಿಯವರೆಗೆ ಆಗಿದ್ದರೆ ಇನ್ನೂ ಮುಖದ ಕಡೆಯೇ ಅನ್ನಬಹುದಿತ್ತು. 120 ಅಂದರೆ ಕೆಂಪಿನ ಕಾಂತಬಲ ಹಳದಿಯ ಬೆನ್ನಿಗೆ ಬಡಿಯುತ್ತದೆ. ಅದೂ ಅರ್ಧ ಮಾತ್ರ. ಲೆಕ್ಕದಲ್ಲಿ ಕೊಸೈನ್ 120 ಅಂದರೆ ಮೈನಸ್ ಅರ್ಧ. ಆ ಮೈನಸ್ಸೇ ಮುಳ್ಳನ್ನು ಹಿಂದಕ್ಕೆ ಕಳಿಸುವುದು. ನೀಲಿಯದೂ ಅದೇ ಕಥೆ, ಇನ್ನೊಂದು ಕಡೆಯಿಂದ 120.

ಟ್ರಾನ್ಸ್‌ಫಾರ್ಮರಿನ ಸೂತ್ರ ಹಿಡಿದು ಇಲ್ಲಿ ಕೆಲಸ ಮಾಡಿದರೆ ಏನಾಗುತ್ತದೆ ನೋಡಿ, ಇದು ನಿಜಕ್ಕೂ ಮೋಸದ್ದು. ಕೆಂಪಿಗೆ ಬ್ಯಾಟರಿ ಕೊಟ್ಟು ಹಳದಿ ನೋಡುತ್ತೀರಿ, ತಪ್ಪು ಸೂತ್ರದಿಂದ ಅದನ್ನು ಉಲ್ಟಾ ಗುರುತಿಸುತ್ತೀರಿ. ಆಮೇಲೆ ನೀಲಿ ನೋಡುತ್ತೀರಿ, ಅದನ್ನೂ ಉಲ್ಟಾ ಗುರುತಿಸುತ್ತೀರಿ. ಈಗ ಹಳದಿ, ನೀಲಿ ಎರಡೂ ಒಂದಕ್ಕೊಂದು ಸರಿಯಾಗಿವೆ, ಕೆಂಪು ಮಾತ್ರ ಬೇರೆಯಾಯಿತು. ಅಂದರೆ ಎರಡು ಸಲ ಎಚ್ಚರಿಕೆಯಿಂದ ಪರೀಕ್ಷೆ ಮಾಡಿ, ಎರಡು ಸಲವೂ ಸ್ಪಷ್ಟ ಉತ್ತರ ಪಡೆದು, ಕೊನೆಗೆ ಒಂದು ವೈಂಡಿಂಗ್ ತಿರುಗಿದ ಮೋಟಾರನ್ನೇ ಕೈಯಾರೆ ತಯಾರು ಮಾಡಿದಿರಿ. ಇದನ್ನು ಹಿಡಿಯಲು ಒಂದೇ ದಾರಿ, ಮೂರನೇ ಪರೀಕ್ಷೆ. ಹಳದಿಗೆ ಬ್ಯಾಟರಿ ಕೊಟ್ಟು ನೀಲಿ ನೋಡಿ. ಸೂತ್ರ ತಪ್ಪಿದ್ದರೆ ಈ ಮೂರನೆಯದು ಮೊದಲ ಎರಡರ ಜೊತೆ ಜಗಳ ಆಡುತ್ತದೆ. ಸೂತ್ರ ಸರಿಯಿದ್ದು ಟೇಪ್ ಸರಿಯಿದ್ದರೆ ಮೂರರಲ್ಲೂ ಮುಳ್ಳು ಹಿಂದಕ್ಕೇ ಬಡಿಯುತ್ತದೆ. ಬಹಳ ಜನ ಎರಡಕ್ಕೇ ನಿಲ್ಲಿಸುತ್ತಾರೆ, ಎರಡು ಗೊತ್ತಾದರೆ ಮೂರನೆಯದು ತಾನೇ ಗೊತ್ತಾಯಿತಲ್ಲ ಅಂತ. ಗೊತ್ತಾಗುವುದು ನಿಜ. ಆದರೆ ನಿಮ್ಮ ಸೂತ್ರವೇ ಸರಿಯೋ ಅಂತ ಹೇಳುವುದು ಆ ಮೂರನೆಯದೇ.

ಬ್ಯಾಟರಿ ಬಗ್ಗೆ ಎರಡು ಎಚ್ಚರಿಕೆ. ದೊಡ್ಡ ಟಾರ್ಚ್ ಸೆಲ್ ಒಂದು ಸಾಕು, ನಿಮ್ಮ ವೈಂಡಿಂಗ್‌ನಲ್ಲಿ ಸುಮಾರು ಅರ್ಧ ಆಂಪಿಯರ್ ಹರಿಯುತ್ತದೆ. ಬೈಕಿನ 12 ವೋಲ್ಟ್ ಬ್ಯಾಟರಿಯಲ್ಲಿ ನಾಲ್ಕು ಆಂಪಿಯರಿಗೂ ಜಾಸ್ತಿ ಆಗುತ್ತದೆ, ಮುಳ್ಳು ಚೆನ್ನಾಗಿ ಜಿಗಿಯುತ್ತದೆ ನಿಜ, ಆದರೆ ತೆಗೆಯುವಾಗ ಕಿಡಿ ಹಾರುತ್ತದೆ. ಆ ಕಿಡಿ ಬ್ಯಾಟರಿಯ ಮೇಲೆ ಹಾರದಂತೆ ಮೋಟಾರಿನ ತುದಿಯಲ್ಲಿ ಮುಟ್ಟಿಸಿ ತೆಗೆಯಿರಿ, ಬ್ಯಾಟರಿ ಕಡೆ ಅಲ್ಲ. ಬರಿಗೈಯಲ್ಲಿ ತಾಮ್ರ ಹಿಡಿದುಕೊಂಡು ತೆಗೆಯಬೇಡಿ. 12 ವೋಲ್ಟ್ ತಾನೇ ಅನ್ನಬೇಡಿ, ಕರೆಂಟ್ ಕಡಿದ ಕ್ಷಣ ವೈಂಡಿಂಗ್ ಅದಕ್ಕಿಂತ ಎಷ್ಟೋ ಜಾಸ್ತಿ ವೋಲ್ಟೇಜ್ ಎಸೆಯುತ್ತದೆ, ಕೈ ಜುಮ್ ಅನ್ನುತ್ತದೆ.

ನಿಮ್ಮ ಬಳಿ ಇರುವುದು ಡಿಜಿಟಲ್ ಮೀಟರ್. ಅದಕ್ಕೆ ಹೇಳಿ ಮಾಡಿಸಿದ ದಾರಿ ಎಸಿ ಪರೀಕ್ಷೆ. ಎಸಿ ಒಂದೇ ಸಮನೆ ಇರುವುದರಿಂದ ಅಂಕಿ ನಿಂತು ತೋರಿಸುತ್ತದೆ, ಅವಸರ ಇಲ್ಲ. ಬೇಕಾಗುವುದು 230 ವೋಲ್ಟಿನಿಂದ 12 ವೋಲ್ಟಿಗೆ ಇಳಿಸುವ, 3 ಆಂಪಿಯರ್ ತಾಳುವ ಒಂದು ಟ್ರಾನ್ಸ್‌ಫಾರ್ಮರ್. ರೇಡಿಯೋ-ಆಂಪ್ಲಿಫೈಯರ್ ರಿಪೇರಿ ಅಂಗಡಿಯಲ್ಲಿ 12-0-12 ಅಂತ ಕೇಳಿದರೆ ಕೊಡುತ್ತಾರೆ. ನಡುವಿನ ವೈರು ಮತ್ತು ಒಂದು ಬದಿಯ ವೈರು ಮಾತ್ರ ಬಳಸಿ, ಉಳಿದ ವೈರಿಗೆ ಟೇಪ್ ಸುತ್ತಿ. 12 ವೋಲ್ಟ್ ಹೊರಬರುವ ಕಡೆ 3 ಆಂಪಿಯರ್ ಫ್ಯೂಸ್ ಹಾಕಿ. ಮೊಬೈಲ್ ಅಥವಾ ಲ್ಯಾಪ್‌ಟಾಪ್ ಚಾರ್ಜರ್ ಆಗುವುದಿಲ್ಲ, ಅದು ಕೊಡುವುದು ಡಿಸಿ. ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವ ಡಿಮ್ಮರ್‌ಸ್ಟ್ಯಾಟ್ ಇದೆ ಅಂತ ಅದನ್ನೂ ನೇರ ಬಳಸಬೇಡಿ. ಅದರ ಒಂದು ತುದಿ ಲೈನಿಗೇ ಅಂಟಿಕೊಂಡಿರುತ್ತದೆ. 230 ವೋಲ್ಟನ್ನು ನೇರವಾಗಿ ಒಂದು ವೈಂಡಿಂಗ್‌ಗೆ ಕೊಡುವುದಂತೂ ಬೇಡವೇ ಬೇಡ. ರೋಟರ್ ನಿಂತಿರುವಾಗ ವೈಂಡಿಂಗ್ ಹೆಚ್ಚು ತಡೆ ಒಡ್ಡುವುದಿಲ್ಲ. ಇಪ್ಪತ್ತಕ್ಕೂ ಜಾಸ್ತಿ ಆಂಪಿಯರ್ ನುಗ್ಗಬಹುದು, ಜೊತೆಗೆ ಬಿಟ್ಟ ತುದಿಗಳಲ್ಲಿ ಶಾಕ್ ಹೊಡೆಯುವಷ್ಟು ವೋಲ್ಟೇಜ್ ಬರುತ್ತದೆ. 12 ವೋಲ್ಟಿನಲ್ಲಿ ಒಂದೆರಡು ಆಂಪಿಯರ್ ಮಾತ್ರ. ಆದರೂ ಪ್ರತಿ ಅಳತೆ ಮುಗಿದ ಕೂಡಲೇ ಆಫ್ ಮಾಡಿ, ತುದಿಗಳನ್ನು ಬದಲಿಸುವಾಗ ಆಫ್ ಇರಲಿ.

ಈ ಪರೀಕ್ಷೆಯ ಹುರುಳು ಇಷ್ಟೇ. ಒಂದು ವೈಂಡಿಂಗ್‌ಗೆ ಎಸಿ ಕೊಟ್ಟರೆ ಉಳಿದ ಎರಡರಲ್ಲೂ ಸಮನಾದ ವೋಲ್ಟೇಜ್ ಹುಟ್ಟುತ್ತದೆ. ಆ ಎರಡನ್ನು ಸರಣಿಯಲ್ಲಿ ಜೋಡಿಸಿದರೆ ಒಂದೋ ಅವು ಕೂಡುತ್ತವೆ, ಇಲ್ಲವೋ ಕಳೆದು ಸೊನ್ನೆ ಆಗುತ್ತವೆ. ಕೂಡಿದರೆ ನೀವು ಸೇರಿಸಿದ ಎರಡು ತುದಿಗಳು ಬೇರೆ ಬೇರೆ ತರದವು, ಒಂದು ಸ್ಟಾರ್ಟಿಂಗ್, ಒಂದು ಎಂಡಿಂಗ್. ಸೊನ್ನೆಯ ಹತ್ತಿರ ಬಂದರೆ ಸೇರಿಸಿದ ಎರಡೂ ಒಂದೇ ತರದವು. ಇಲ್ಲಿ ಉಲ್ಟಾ ಸೂತ್ರದ ತಲೆನೋವಿಲ್ಲ, ಯಾಕೆಂದರೆ ಹಳದಿ, ನೀಲಿ ಎರಡಕ್ಕೂ ಆ ಮೈನಸ್ ಸಮನಾಗಿಯೇ ಬಂದಿರುತ್ತದೆ.

ನಿಮ್ಮ ಮೋಟಾರಿನ ಮೇಲೆ ಮಾಡಿದ ಹಾಗೇ ನೋಡೋಣ. ಅಂಕಿಗಳು ನಿಮಗೆ ಸ್ವಲ್ಪ ಆಚೀಚೆ ಬರುತ್ತವೆ, ನೋಡಬೇಕಾದದ್ದು ಅವುಗಳ ಅನುಪಾತ. ಕೆಂಪು ಒಂದು ಮತ್ತು ಕೆಂಪು ಎರಡರ ನಡುವೆ 12 ವೋಲ್ಟ್ ಕೊಟ್ಟಿರಿ. ಮೀಟರನ್ನು 20 ವೋಲ್ಟ್ ಎಸಿಗೆ ಇಟ್ಟು ಮೊದಲು ಹಳದಿಯನ್ನು ಮಾತ್ರ ಅಳೆಯಿರಿ, 2.6 ವೋಲ್ಟ್ ಬಂತು ಅಂದುಕೊಳ್ಳಿ. ನೀಲಿಯನ್ನು ಮಾತ್ರ ಅಳೆದರೆ 2.5. ಅರ್ಧ ಅಂದರೆ 6 ಬರಬೇಕಿತ್ತಲ್ಲ ಅನ್ನಬೇಡಿ. ರೋಟರಿನೊಳಗಿನ ಪಂಜರ ಕಾಂತಬಲದ ಒಂದು ಪಾಲನ್ನು ತಡೆಯುತ್ತದೆ, ಹಾಗಾಗಿ ಕಡಿಮೆ. ಎರಡೂ ಹತ್ತಿರ ಹತ್ತಿರ ಇದ್ದರೆ ಸಾಕು.

ಈಗ ಆಫ್ ಮಾಡಿ, ಹಳದಿ ಎರಡನ್ನು ನೀಲಿ ಒಂದಕ್ಕೆ ಸೇರಿಸಿ. ಆನ್ ಮಾಡಿ, ಹಳದಿ ಒಂದು ಮತ್ತು ನೀಲಿ ಎರಡರ ನಡುವೆ ಅಳೆಯಿರಿ. 0.1 ವೋಲ್ಟ್ ಬಂತು. ಅಂದರೆ ಕಳೆದು ಹೋಯಿತು, ಸೇರಿಸಿದ ಎರಡು ತುದಿಗಳು ಒಂದೇ ತರದವು. ನೀವು ಒಂದಕ್ಕೆ ಎರಡು ಸುತ್ತು, ಇನ್ನೊಂದಕ್ಕೆ ಒಂದು ಸುತ್ತು ಹಾಕಿದ್ದಿರಿ, ಗುರುತು ತಪ್ಪಿದೆ. ನೀಲಿಯ ಟೇಪ್ ಅದಲು ಬದಲು ಮಾಡಿ. ಹಳೆಯ ನೀಲಿ ಎರಡು ಈಗ ನೀಲಿ ಒಂದು. ಮತ್ತೆ ಹಳದಿ ಎರಡು, ಹೊಸ ನೀಲಿ ಒಂದು ಸೇರಿಸಿ ಅಳೆದರೆ 5.1. ಕೂಡಿತು. ಹಳದಿ ಮತ್ತು ನೀಲಿಯ ವಿಷಯ ಮುಗಿಯಿತು, ಇನ್ನು ಅವುಗಳ ಟೇಪ್ ಮುಟ್ಟಬೇಡಿ.

ಮುಂದೆ 12 ವೋಲ್ಟನ್ನು ನೀಲಿಗೆ ಕೊಡಿ. ಕೆಂಪು ಎರಡನ್ನು ಹಳದಿ ಒಂದಕ್ಕೆ ಸೇರಿಸಿ, ಹೊರಗಿನ ಎರಡು ತುದಿಗಳ ನಡುವೆ ಅಳೆಯಿರಿ. 5.0 ಬಂದರೆ ಕೆಂಪಿನ ಗುರುತು ಇದ್ದ ಹಾಗೇ ಸರಿ. ಸೊನ್ನೆ ಬಂದರೆ ಕೆಂಪಿನ ಟೇಪ್ ಬದಲಿಸಿ, ಹಳದಿಯದಲ್ಲ. ಕೊನೆಗೆ 12 ವೋಲ್ಟ್ ಹಳದಿಗೆ, ನೀಲಿ ಎರಡನ್ನು ಕೆಂಪು ಒಂದಕ್ಕೆ ಸೇರಿಸಿ ಅಳೆಯಿರಿ. ಇಲ್ಲಿ ಟೇಪ್ ಬದಲಿಸುವ ಪ್ರಶ್ನೆಯೇ ಇಲ್ಲ, 5ರ ಆಸುಪಾಸು ಬರಲೇಬೇಕು. ಸೊನ್ನೆ ಬಂದರೆ ಹಿಂದೆ ಎಲ್ಲೋ ಟೇಪ್ ತಪ್ಪಾಗಿ ಸುತ್ತಿದ್ದೀರಿ, ಮೊದಲಿನಿಂದ ಮಾಡಿ.

ಇದೇ ಪರೀಕ್ಷೆ ಇನ್ನೊಂದು ಗುಟ್ಟನ್ನೂ ಹೊರಹಾಕುತ್ತದೆ. ಒಂದೊಂದನ್ನೇ ಅಳೆದಾಗ ಹಳದಿ 2.6, ನೀಲಿ 1.2 ಅನ್ನುವ ಹಾಗೆ ದೊಡ್ಡ ವ್ಯತ್ಯಾಸ ಬಂದರೆ, ಕೂಡಿದಾಗ ಪೂರ್ತಿ ಕೂಡದೆ, ಕಳೆದಾಗ ಪೂರ್ತಿ ಸೊನ್ನೆ ಆಗದೆ ನಡುವೆ ನಿಂತರೆ, ತಪ್ಪು ಹೊರಗಿನ ತುದಿಗಳದ್ದಲ್ಲ. ಆ ವೈಂಡಿಂಗ್‌ನ ಒಳಗೇ ಒಂದು ಕಾಯಿಲ್ ಗುಂಪನ್ನು ಉಲ್ಟಾ ಸೇರಿಸಿರಬಹುದು, ಅಥವಾ ಕೆಲವು ಸುತ್ತುಗಳು ಶಾರ್ಟ್ ಆಗಿರಬಹುದು. ಓಮ್ ಅಳತೆಯಲ್ಲಿ ಉಲ್ಟಾ ಗುಂಪು ಗೊತ್ತೇ ಆಗುವುದಿಲ್ಲ, ತಂತಿ ಅಷ್ಟೇ ಉದ್ದ ಇರುತ್ತದಲ್ವಾ. ಮೂರೂ 2.9 ಇದ್ದುಕೊಂಡು ಮೋಟಾರು ಹಾಳಾಗಿರಬಹುದು. ಹಾಗೆ ಬಂದರೆ ಟೇಪ್ ಜೊತೆ ಗುದ್ದಾಡಬೇಡಿ, ವೈಂಡಿಂಗ್ ಮಾಡಿದವರ ಬಳಿಗೇ ವಾಪಸ್ ಒಯ್ಯಿರಿ. ಅಂಕಿಗಳನ್ನು ಬರೆದುಕೊಂಡು ಹೋಗಿ, ಮಾತು ಬೇಗ ಮುಗಿಯುತ್ತದೆ.

ಟ್ರಾನ್ಸ್‌ಫಾರ್ಮರೂ ಇಲ್ಲ, ಬ್ಯಾಟರಿಯೂ ಬೇಡ ಅನ್ನುವವರಿಗೆ ಕೈಯಿಂದ ತಿರುಗಿಸುವ ಒಂದು ದಾರಿ ಇದೆ. ಒಂದು ಸುತ್ತಿನ ಮೂರು ತುದಿಗಳನ್ನು ಒಟ್ಟಿಗೆ ಸೇರಿಸಿ, ಎರಡು ಸುತ್ತಿನ ಮೂರನ್ನೂ ಒಟ್ಟಿಗೆ ಸೇರಿಸಿ. ಆ ಎರಡು ಗಂಟುಗಳ ನಡುವೆ ಮೀಟರನ್ನು 200 ಮಿಲಿವೋಲ್ಟ್ ಡಿಸಿಗೆ ಇಟ್ಟು ಶಾಫ್ಟನ್ನು ಕೈಯಿಂದ ಜೋರಾಗಿ ತಿರುಗಿಸಿ. ರೋಟರಿನಲ್ಲಿ ಸ್ವಲ್ಪ ಕಾಂತಬಲ ಉಳಿದಿದ್ದರೆ ಮೂರು ವೈಂಡಿಂಗ್‌ಗಳಲ್ಲೂ ಚೂರು ವೋಲ್ಟೇಜ್ ಹುಟ್ಟುತ್ತದೆ. ಗುರುತು ಸರಿಯಿದ್ದರೆ ಮೂರೂ ಸೇರಿ ಸೊನ್ನೆ, ಅಂಕಿ ಅಲುಗಾಡುವುದಿಲ್ಲ. ಒಂದು ಉಲ್ಟಾ ಇದ್ದರೆ ಅಂಕಿ ಪ್ಲಸ್-ಮೈನಸ್ ಕುಣಿಯುತ್ತದೆ. ಆಗ ಒಂದೊಂದೇ ಜೋಡಿಯನ್ನು ತಿರುಗಿಸಿ ಕುಣಿತ ಯಾವಾಗ ನಿಲ್ಲುತ್ತದೆ ನೋಡಬೇಕು.

ಸುಲಭ ಅನ್ನಿಸುತ್ತದೆ, ಆದರೆ ನಾನು ಇದನ್ನು ಒಂದೇ ಪರೀಕ್ಷೆಯಾಗಿ ನಂಬುವುದಿಲ್ಲ. ರೋಟರಿನಲ್ಲಿ ಕಾಂತಬಲ ಏನೂ ಉಳಿದಿಲ್ಲದಿದ್ದರೆ ಗುರುತು ತಪ್ಪಿದ್ದರೂ ಸೊನ್ನೆಯೇ ತೋರಿಸುತ್ತದೆ. ಆದ್ದರಿಂದ ಸೊನ್ನೆ ಬಂದಾಗ ಬೇಕಂತಲೇ ಒಂದು ಜೋಡಿಯನ್ನು ಉಲ್ಟಾ ಮಾಡಿ ಮತ್ತೆ ತಿರುಗಿಸಿ. ಅಂಕಿ ಕುಣಿದರೆ ಮೊದಲಿನ ಸೊನ್ನೆ ನಿಜವಾದ ಸೊನ್ನೆ, ಜೋಡಿಯನ್ನು ವಾಪಸ್ ಮೊದಲಿನ ಹಾಗೆ ಇಡಿ. ಕುಣಿಯದಿದ್ದರೆ ಈ ಪರೀಕ್ಷೆ ನಿಮಗೆ ಏನೂ ಹೇಳಿಲ್ಲ. ಎಸಿ ಪರೀಕ್ಷೆ ಮಾಡಿದ ಮೇಲೆ ಇದನ್ನು ಸಾಕ್ಷಿಗೆ ಬಳಸಿಕೊಳ್ಳಬಹುದು.

ಗುರುತು ಆದ ಮೇಲೆ ಕರೆಂಟ್ ಕೊಡುವ ಮುಂಚೆ ಒಂದು ಕೆಲಸ ಮಲ್ಟಿಮೀಟರಿಗೆ ಆಗದ್ದು. ಹೊಸ ವೈಂಡಿಂಗ್ ಬಾಡಿಗೆ ಲೀಕ್ ಇದೆಯೋ ಅಂತ 500 ವೋಲ್ಟ್ ಮೆಗ್ಗರ್‌ನಿಂದ ನೋಡಬೇಕು. ಮಲ್ಟಿಮೀಟರು ತನ್ನ ಪುಟ್ಟ ಬ್ಯಾಟರಿಯಿಂದ ಅಳೆದು "ಏನಿಲ್ಲ" ಅನ್ನುತ್ತದೆ, 415 ವೋಲ್ಟ್ ಬಿದ್ದಾಗ ಮಾತ್ರ ಆ ಲೀಕ್ ಹೊರಗೆ ಬರುತ್ತದೆ. ಪ್ರತಿ ಜೋಡಿಯಿಂದ ಬಾಡಿಗೆ, ಜೋಡಿಯಿಂದ ಜೋಡಿಗೆ, ಒಂದು ಮೆಗಾಓಮ್‌ಗಿಂತ ಕಡಿಮೆ ಇದ್ದರೆ ಓಡಿಸಬೇಡಿ. ಹೊಸದಾಗಿ ವಾರ್ನಿಷ್ ಹಾಕಿ ಒಣಗಿಸಿದ ವೈಂಡಿಂಗ್ ಅದಕ್ಕಿಂತ ಬಹಳ ಜಾಸ್ತಿ ತೋರಿಸಬೇಕು. ಅಂಚಿನಲ್ಲಿ ಬಂದರೆ ಸರಿಯಾಗಿ ಒಣಗಿಲ್ಲ ಅಂತ ಅರ್ಥ.

ಮೊದಲ ಓಟ ಬೆಲ್ಟ್ ಕಳಚಿ, ಸ್ಟಾರ್‌ನಲ್ಲಿ ಮಾತ್ರ. ಎರಡು ಸುತ್ತಿನ ಮೂರು ತುದಿಗಳನ್ನು ಒಟ್ಟಿಗೆ ಬೋಲ್ಟ್ ಹಾಕಿ ಟೇಪ್ ಮಾಡಿ, ಒಂದು ಸುತ್ತಿನ ಮೂರಕ್ಕೆ ಮೂರು ಫೇಸ್ ಕೊಡಿ. ಬಾಡಿಗೆ ಅರ್ಥ್ ಇರಲಿ. ಒಬ್ಬರು ಮೇನ್ ಸ್ವಿಚ್ ಹತ್ತಿರ ನಿಂತಿರಲಿ. ಮೋಟಾರು ತಕ್ಷಣ ವೇಗ ಹಿಡಿದು ನಯವಾಗಿ ತಿರುಗಬೇಕು. ಗುಂಯ್ ಅಂದು ನಿಂತರೆ ಎರಡು ಮೂರು ಸೆಕೆಂಡಿನೊಳಗೆ ಆಫ್. ಚೆನ್ನಾಗಿ ತಿರುಗಿದರೆ ಕ್ಲ್ಯಾಂಪ್ ಮೀಟರಿನಿಂದ ಮೂರು ವೈರಿನ ಕರೆಂಟ್ ನೋಡಿ. ಲೋಡ್ ಇಲ್ಲದೆ ಸ್ಟಾರ್‌ನಲ್ಲಿ ಈ ಮೋಟಾರು ಒಂದೂವರೆ ಆಂಪಿಯರ್ ಸುತ್ತಮುತ್ತ ಎಳೆಯುತ್ತದೆ. ಅಂಕಿ ಎಷ್ಟು ಅನ್ನುವುದಕ್ಕಿಂತ ಮೂರೂ ಹತ್ತಿರ ಹತ್ತಿರ ಇರುವುದು ಮುಖ್ಯ. ತುದಿ ಉಲ್ಟಾ ಇದ್ದರೆ ಇಲ್ಲೇ ಗೊತ್ತಾಗುತ್ತದೆ.

ಸ್ಟಾರ್ಟರಿಗೆ ಕೊಡುವಾಗ ಒಂದು ಸುತ್ತಿನ ಮೂರು ತುದಿ ಮೇನ್ ಕಾಂಟ್ಯಾಕ್ಟರಿನ ಕೇಬಲ್‌ಗಳಿಗೆ, ಎರಡು ಸುತ್ತಿನ ಮೂರು ಇನ್ನೊಂದು ಗುಂಪಿನ ಕೇಬಲ್‌ಗಳಿಗೆ. ಡೆಲ್ಟಾ ಕಾಂಟ್ಯಾಕ್ಟರ್ ಆನ್ ಆದಾಗ ಕೆಂಪು ಎರಡು ಹಳದಿ ಒಂದರ ಜೊತೆ, ಹಳದಿ ಎರಡು ನೀಲಿ ಒಂದರ ಜೊತೆ, ನೀಲಿ ಎರಡು ಕೆಂಪು ಒಂದರ ಜೊತೆ ಸೇರಬೇಕು. ಯಾವ ವೈಂಡಿಂಗ್‌ನ ಎರಡೂ ತುದಿಗೆ ಒಂದೇ ಫೇಸ್ ಬರಬಾರದು, ಅದೇ ನಿಯಮ. ಇಲ್ಲಿ ಕೇಬಲ್ ಅದಲು ಬದಲಾದರೆ ಮೋಟಾರು ಸ್ಟಾರ್‌ನಲ್ಲಿ ಚೆನ್ನಾಗಿ ಎದ್ದು, ಡೆಲ್ಟಾಗೆ ಬದಲಾದ ತಕ್ಷಣ ಸೋತು ಗುಂಯ್ ಅನ್ನುತ್ತದೆ. ಆಗ ಮತ್ತೆ ತುದಿಗಳ ಗುರುತನ್ನು ಅನುಮಾನಿಸಬೇಡಿ, ಅದು ಸ್ಟಾರ್‌ನಲ್ಲೇ ಪಾಸಾಗಿದೆ. ಕೇಬಲ್ ನೋಡಿ.

ದಿಕ್ಕು ನಿಮ್ಮ ಗಿರಣಿ ಕಲ್ಲಿಗೆ ಬೇಕಾದ ಹಾಗೆ ಬಾರದಿದ್ದರೆ, ಆಗ ಮಾತ್ರ ಎರಡು ಫೇಸ್ ಬದಲಿಸುವ ಸಲಹೆ ಉಪಯೋಗಕ್ಕೆ ಬರುತ್ತದೆ. ಅದನ್ನೂ ಸ್ಟಾರ್ಟರಿಗೆ ಒಳಬರುವ ಕಡೆ ಬದಲಿಸಿ, ಮೋಟಾರಿನ ಕಡೆ ಅಲ್ಲ. ಮೋಟಾರಿನ ಕಡೆ ಎರಡು ಕೇಬಲ್ ಮಾತ್ರ ಬದಲಿಸಿದರೆ ಈಗ ಹೇಳಿದ ಡೆಲ್ಟಾ ಜೋಡಣೆ ಕೆಡುತ್ತದೆ. ಎಲ್ಲ ಸರಿಯಾಗಿ ಓಡಿದ ದಿನವೇ ಕಾಗದದ ಚೀಟಿಯ ಬದಲು ಪ್ಲಾಸ್ಟಿಕ್ ನಂಬರ್ ಫೆರೂಲ್ ಹಾಕಿ. ಕೆಂಪು ಒಂದು-ಎರಡಕ್ಕೆ ಯು1, ಯು2, ಹಳದಿಗೆ ವಿ1, ವಿ2, ನೀಲಿಗೆ ಡಬ್ಲ್ಯೂ1, ಡಬ್ಲ್ಯೂ2. ಟರ್ಮಿನಲ್ ಬಾಕ್ಸಿನ ಮುಚ್ಚಳದ ಒಳಗೆ ಯಾವ ಕೇಬಲ್ ಎಲ್ಲಿಗೆ ಅನ್ನುವುದನ್ನು ಪೇಂಟ್ ಪೆನ್ನಿನಿಂದ ಬರೆದಿಡಿ.